ತ್ರೈಮಾಸಿಕ ಸಾಧನಾ ವರದಿ: ವ್ಯತ್ಯಾಸ ವಿವರಣೆಯ ಇತಿಹಾಸ

ಮೂರು ತಿಂಗಳಿಗೊಮ್ಮೆ ಗುರಿಯನ್ನೂ ಸಾಧನೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಅವುಗಳ ನಡುವಿನ ಅಂತರಕ್ಕೆ ಕಾರಣ ತಿಳಿಸುವ ದಾಖಲೆಯೇ ತ್ರೈಮಾಸಿಕ ಸಾಧನಾ ವರದಿ. ಅಂತರವನ್ನು ಲೆಕ್ಕ ಹಾಕುವ ವಿಧಾನ ಮೊದಲು ಬಂತು. ಕಾರಣವನ್ನು ತಿಳಿಯಾದ ಮಾತಿನಲ್ಲಿ ಬರೆಯಬೇಕೆಂಬ ನಿಯಮ ಬಂದದ್ದು ದಶಕಗಳ ನಂತರ.

ಆರಂಭ: ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ಖಾನೆಗಳು ಒಂದು ವಸ್ತುವಿನ ತಯಾರಿಕೆಗೆ ಎಷ್ಟು ಖರ್ಚಾಗಬೇಕೆಂದು ಮುಂಚಿತವಾಗಿ ನಿಗದಿ ಮಾಡತೊಡಗಿದವು. ಇದಕ್ಕೆ ಪ್ರಮಾಣಿತ ವೆಚ್ಚ ಎಂದು ಹೆಸರು. 1918ರಲ್ಲಿ ಜಿ. ಚಾರ್ಟರ್ ಹ್ಯಾರಿಸನ್ ತಮ್ಮ ಲೇಖನಮಾಲೆಯಲ್ಲಿ ನಿಗದಿತ ವೆಚ್ಚಕ್ಕೂ ನಿಜವಾದ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸುವ ಸೂತ್ರಗಳನ್ನು ಕೊಟ್ಟರು. 1922ರಲ್ಲಿ ಜೇಮ್ಸ್ ಮೆಕಿನ್ಸಿ ಬಜೆಟ್ ನಿಯಂತ್ರಣದ ಬಗ್ಗೆ ಪುಸ್ತಕ ಬರೆದು, ಇದೇ ವಿಚಾರವನ್ನು ಸಂಸ್ಥೆಯ ಎಲ್ಲ ವಿಭಾಗಗಳಿಗೂ ವಿಸ್ತರಿಸಿದರು.

ವಿಧಾನ: ಒಂದು ನೇಯ್ಗೆ ಘಟಕದ ಉದಾಹರಣೆ ನೋಡೋಣ. ಕಿಲೋಗೆ 200 ರೂಪಾಯಿಯಂತೆ 1,000 ಕಿಲೋ ನೂಲು ಸಾಕೆಂಬುದು ಗುರಿ. ಅಷ್ಟೇ ಬಟ್ಟೆಗೆ ನಿಜವಾಗಿ ಖರ್ಚಾದದ್ದು 190 ರೂಪಾಯಿ ದರದ 1,100 ಕಿಲೋ. ಒಟ್ಟು ವೆಚ್ಚ 9,000 ರೂಪಾಯಿ ಹೆಚ್ಚಿದೆ. ಬಿಡಿಸಿದರೆ ದರದಲ್ಲಿ 11,000 ಉಳಿದಿದೆ, ಬಳಕೆಯಲ್ಲಿ 20,000 ಹೆಚ್ಚಾಗಿದೆ. ಇಷ್ಟನ್ನೇ ಬರೆದರೆ ಖರೀದಿ ವಿಭಾಗಕ್ಕೆ ಶಹಬ್ಬಾಸ್‌ಗಿರಿ, ಮಗ್ಗದವರಿಗೆ ಬೈಗುಳ. ‘ಪ್ರತಿಕೂಲ ಬಳಕೆ ವ್ಯತ್ಯಾಸ’ ಎಂಬ ಪದಪುಂಜ ಆ ತಪ್ಪು ತೀರ್ಮಾನವನ್ನೇ ಗಟ್ಟಿ ಮಾಡುತ್ತದೆ. ಮಗ್ಗದ ಬಳಿ ಹೋಗಿ ವಿಚಾರಿಸಿದರೆ ಅಗ್ಗದ ನೂಲು ಪದೇ ಪದೇ ಹರಿದು ವ್ಯರ್ಥವಾದದ್ದು ತಿಳಿಯುತ್ತದೆ. ಹಾಗಾಗಿ ವರದಿಯಲ್ಲಿರಬೇಕಾದ ವಾಕ್ಯ ಇದು: “ಕಡಿಮೆ ದರದ ನೂಲು ಕೊಂಡದ್ದರಿಂದ 11,000 ಉಳಿಯಿತು, ಅದೇ ನೂಲು ಹರಿದದ್ದರಿಂದ 20,000 ನಷ್ಟವಾಯಿತು.”

ನಿಯಮಗಳು: ಅಮೆರಿಕದ ಷೇರು ನಿಯಂತ್ರಣ ಆಯೋಗ 1970ರಲ್ಲಿ ಕಂಪನಿಗಳಿಗೆ ತ್ರೈಮಾಸಿಕ ವರದಿಯ ನಮೂನೆಯನ್ನು ಜಾರಿಗೆ ತಂದಿತು. ಅಲ್ಲಿನ ಹೋಲಿಕೆ ಒಳಗಿನ ಗುರಿಯೊಂದಿಗಲ್ಲ, ಹಿಂದಿನ ಅವಧಿಯೊಂದಿಗೆ. ಆದರೂ ಕಾರಣದ ಪ್ರಶ್ನೆ ಒಂದೇ. ಮಾರಾಟ ಏರಿದ್ದು ಬೆಲೆಯಿಂದಲೋ ಪ್ರಮಾಣದಿಂದಲೋ ಎಂಬುದನ್ನು ಆಡಳಿತವೇ ಹೇಳಬೇಕೆಂಬುದು 1980ರ ನಿಯಮದಲ್ಲಿ ಸೇರಿತು. ಲೆಕ್ಕಪತ್ರ ನೋಡಿದರೇ ಗೊತ್ತಾಗುವ ಏರಿಳಿತವನ್ನು ಪುನಃ ಒಪ್ಪಿಸಿದರೆ ಸಾಲದೆಂದು ಆಯೋಗ 1989ರಲ್ಲಿ ಸ್ಪಷ್ಟಪಡಿಸಿತು. 1998ರಲ್ಲಿ ಹೂಡಿಕೆದಾರರಿಗೆ ಕೊಡುವ ಪ್ರಾಸ್ಪೆಕ್ಟಸ್‌ಗಳ ಪ್ರಮುಖ ಭಾಗಗಳಿಗೆ ಸರಳ ಭಾಷೆ ಕಡ್ಡಾಯವಾಯಿತು.

ಕರ್ನಾಟಕದಲ್ಲಿ: ತ್ರೈಮಾಸಿಕ ಕೆಡಿಪಿ ಸಭೆಗಳಲ್ಲಿ ಇಲಾಖೆಗಳು ಭೌತಿಕ ಮತ್ತು ಆರ್ಥಿಕ ಗುರಿ-ಸಾಧನೆಯನ್ನು ಮಂಡಿಸುತ್ತವೆ. ಷರಾ ಅಂಕಣದಲ್ಲಿ ‘ಪ್ರಗತಿಯಲ್ಲಿದೆ’ ಎಂದಷ್ಟೇ ಇದ್ದರೆ, ಕೆಲಸ ನಿಂತದ್ದು ಜಮೀನಿಗಾಗಿಯೋ ಅನುದಾನಕ್ಕಾಗಿಯೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ಮಿತಿ: ಪಟ್ಟಿ ಮಾಡಿದ ಕಾರಣಗಳ ಮೊತ್ತ ಒಟ್ಟು ಅಂತರಕ್ಕೆ ತಾಳೆಯಾಗಬೇಕು. ಆಗದಿದ್ದರೆ ಯಾವುದೋ ಕಾರಣ ಬಿಟ್ಟುಹೋಗಿದೆ ಎಂದರ್ಥ. ತಾಳೆಯಾದರೂ ಗುರಿಯೇ ಹಳತಾಗಿರಬಹುದು. ಎಲ್ಲ ಘಟಕಗಳಲ್ಲೂ ಪ್ರತಿ ತ್ರೈಮಾಸಿಕದಲ್ಲೂ ಅಂತರ ಒಂದೇ ದಿಕ್ಕಿಗೆ ವಾಲುತ್ತಿದ್ದರೆ, ಮೊದಲು ಪರಿಶೀಲಿಸಬೇಕಾದದ್ದು ಗುರಿಯನ್ನು.