ಬಾದಾಮಿ, ಅಕ್ರೋಟು ಮತ್ತು ಕಡಲೆಕಾಯಿ: ದಿನವೊಂದಕ್ಕೆ ಸೇವಿಸಬೇಕಾದ ಪ್ರಮಾಣ

ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿರುವವರಿಗೆ ಬಾದಾಮಿ, ಅಕ್ರೋಟು ಅಥವಾ ಕಡಲೆಕಾಯಿಯನ್ನು ದಿನಕ್ಕೆ ಸುಮಾರು 30 ಗ್ರಾಂ ಸೇವಿಸಬಹುದೆಂದು ಸಾಮಾನ್ಯವಾಗಿ ಸಲಹೆ ನೀಡಲಾಗುತ್ತದೆ. ಇದು ಮೂರಕ್ಕೂ ಸೇರಿದ ಒಟ್ಟು ಪ್ರಮಾಣವೇ ಹೊರತು ಪ್ರತಿಯೊಂದಕ್ಕೂ ಪ್ರತ್ಯೇಕವಾದುದಲ್ಲ. ತಕ್ಕಡಿ ಇಲ್ಲದವರು ಬಾದಾಮಿಯಾದರೆ 23ರಿಂದ 25 ಬೀಜ, ಅಕ್ರೋಟಾದರೆ ಇಡಿಯಾದ 7 ಕಾಯಿಗಳ ತಿರುಳು, ಕಡಲೆಬೀಜವಾದರೆ ಒಂದು ಹಿಡಿ ಎಂದು ಲೆಕ್ಕ ಹಾಕಿಕೊಳ್ಳಬಹುದು. ಕಡಲೆಕಾಯಿಯನ್ನು ಸಿಪ್ಪೆ ಸಹಿತ ತೂಗಿದಲ್ಲಿ 40ರಿಂದ 45 ಗ್ರಾಂ ಬೇಕಾಗುತ್ತದೆ.

ಈ ಬೀಜಗಳಲ್ಲಿರುವ ಕೊಬ್ಬಿನ ಬಹುಭಾಗ ಅಪರ್ಯಾಪ್ತ ಕೊಬ್ಬು. ಬೆಣ್ಣೆ, ವನಸ್ಪತಿ, ಪಾಮ್ ಎಣ್ಣೆಗಳ ಪರ್ಯಾಪ್ತ ಕೊಬ್ಬಿನ ಸ್ಥಾನವನ್ನು ಇದು ತುಂಬಿದಾಗ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. 2010ರಲ್ಲಿ ಪ್ರಕಟವಾದ, 25 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ದಿನಕ್ಕೆ ಸರಾಸರಿ 67 ಗ್ರಾಂ ಸೇವಿಸಿದವರ ಎಲ್‌ಡಿಎಲ್ ಶೇಕಡಾ 7ರಷ್ಟು ಕಡಿಮೆಯಾಗಿತ್ತು. 30 ಗ್ರಾಂನಿಂದ ದೊರೆಯುವ ಇಳಿಕೆ ಇದಕ್ಕಿಂತ ಕಡಿಮೆ. ಆದುದರಿಂದ ವೈದ್ಯರು ಸೂಚಿಸಿದ ಮಾತ್ರೆಯನ್ನು ಇದರ ಭರವಸೆಯ ಮೇಲೆ ನಿಲ್ಲಿಸತಕ್ಕದ್ದಲ್ಲ.

ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಬೀಜಗಳನ್ನು ಬೇರೊಂದು ತಿಂಡಿಯ ಬದಲಿಗೆ ಸೇವಿಸಬೇಕು. ಅದರ ಜೊತೆಗೆ ಅಲ್ಲ. ಉದಾಹರಣೆಗೆ, ಸಂಜೆ ಚಹಾದೊಂದಿಗೆ 4 ಕ್ರೀಂ ಬಿಸ್ಕತ್ತು ತಿನ್ನುವ ವ್ಯಕ್ತಿಗೆ ಅವುಗಳಿಂದ ಸುಮಾರು 200 ಕ್ಯಾಲೊರಿ ದೊರೆಯುತ್ತದೆ. ಅವುಗಳನ್ನು ಬಿಟ್ಟು 30 ಗ್ರಾಂ ಹುರಿದ ಕಡಲೆಬೀಜ ತಿಂದರೆ ಸುಮಾರು 170 ಕ್ಯಾಲೊರಿ. ಲೆಕ್ಕದಲ್ಲಿ 30 ಉಳಿತಾಯ. ಬಿಸ್ಕತ್ತನ್ನೂ ಬಿಡದೆ ಕಡಲೆಬೀಜವನ್ನೂ ಸೇರಿಸಿಕೊಂಡಲ್ಲಿ ತಿಂಗಳಿಗೆ 5,100 ಕ್ಯಾಲೊರಿ ಹೆಚ್ಚುವರಿಯಾಗಿ ಜಮೆಯಾಗುತ್ತದೆ. ಬೀಜ ತಿಂದ ಮೇಲೆ ಹಸಿವು ತಗ್ಗುವುದರಿಂದ ಇದರಲ್ಲಿ ಒಂದು ಭಾಗ ತಾನಾಗಿ ಸರಿದೂಗುವುದಾದರೂ, ಪೂರ್ಣವಾಗಿ ಸರಿದೂಗುವುದೆಂದು ನಂಬಿ ಕೂರುವುದು ಸರಿಯಲ್ಲ. ಅಕ್ರೋಟಿನಲ್ಲಿ ಕ್ಯಾಲೊರಿ ತುಸು ಹೆಚ್ಚು, ಸುಮಾರು 195.

ಎಣ್ಣೆಯಲ್ಲಿ ಕರಿದ ಮಸಾಲೆ ಕಡಲೆಬೀಜ ಹಾಗೂ ಬೆಲ್ಲದ ಚಿಕ್ಕಿಯನ್ನು ಈ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ. ರಕ್ತದೊತ್ತಡವಿರುವವರು ಉಪ್ಪು ಹಾಕಿದ ಬೀಜವನ್ನೂ ಬಿಡುವುದು ಒಳಿತು. ಬೆಲೆಯ ಕಾರಣದಿಂದ ಬಾದಾಮಿ ಕೊಳ್ಳಲಾಗದವರು ಚಿಂತಿಸಬೇಕಾಗಿಲ್ಲ. ಎಲ್‌ಡಿಎಲ್ ಇಳಿಸುವಲ್ಲಿ ಕಡಲೆಕಾಯಿಯೂ ಪ್ರಯೋಜನಕಾರಿ.

ಮುಗ್ಗಿದ, ಬಣ್ಣಗೆಟ್ಟ, ಸುರುಟಿದ ಅಥವಾ ಕಹಿಯಾದ ಕಡಲೆಬೀಜವನ್ನು ಆರಿಸಿ ಎಸೆಯಬೇಕು. ಬೂಷ್ಟಿನಿಂದ ಉಂಟಾಗುವ ಅಫ್ಲಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರವಾಗಿದ್ದು, ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಅಕ್ರೋಟಿನ ತಿರುಳು ಬೇಗ ಕನರುತ್ತದೆ. ಹಳೆಯ ಎಣ್ಣೆಯ ವಾಸನೆ ಬಂದರೆ ಬಳಸಬಾರದು. ಮುಚ್ಚಿದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಹೆಚ್ಚು ಕಾಲ ಬಾಳುತ್ತದೆ.

ಬೀಜಗಳ ಅಲರ್ಜಿ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಲುಕುವ ಸಂಭವವಿರುವುದರಿಂದ ನೀಡಬಾರದು. ಮೂತ್ರಪಿಂಡದ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳತಕ್ಕದ್ದು. ಉಳಿದವರು ಎರಡು-ಮೂರು ತಿಂಗಳು ಕ್ರಮ ತಪ್ಪದೆ ಸೇವಿಸಿದ ನಂತರ ರಕ್ತಪರೀಕ್ಷೆ ಮಾಡಿಸಿ, ಹಿಂದಿನ ವರದಿಯ ಎಲ್‌ಡಿಎಲ್ ಅಂಕಿಯೊಂದಿಗೆ ಹೋಲಿಸಿ ನೋಡಬಹುದು.