ನಡುವೆ ತೂರಿಸಿದ ಹಾಳೆ

ಒಂದು ಗೋಡೆ ಕೋಣೆಯ ತಾಪಮಾನದಲ್ಲಿದೆ, ಅಂದರೆ 300 ಕೆಲ್ವಿನ್. ಅದರ ಎದುರಿಗೆ, ತುಸು ಅಂತರದಲ್ಲಿ, 77 ಕೆಲ್ವಿನ್‌ನ ಇನ್ನೊಂದು ಗೋಡೆ. ಅದರ ಬೆನ್ನಿಗೆ ದ್ರವ ಸಾರಜನಕ ತುಂಬಿದೆ. ನಡುವಿನ ಗಾಳಿಯನ್ನೆಲ್ಲ ಪಂಪು ಹಚ್ಚಿ ತೆಗೆಯಲಾಗಿದೆ. ಎರಡೂ ಗೋಡೆಗಳಿಗೆ ಮಾಮೂಲಿ ಬಣ್ಣ ಬಳಿದಿದ್ದಾರೆ. ಗಾಳಿಯೇ ಇಲ್ಲದ ಮೇಲೆ ಶಾಖ ದಾಟುವುದು ಹೇಗೆ ಎನ್ನಬೇಡಿ. ಪ್ರತಿ ಚದರ ಮೀಟರಿಗೆ ಸುಮಾರು 305 ವ್ಯಾಟ್ ಶಾಖ ವಿಕಿರಣದ ರೂಪದಲ್ಲಿ ದಾಟುತ್ತಲೇ ಇರುತ್ತದೆ. ದಿನವೊಂದಕ್ಕೆ 164 ಲೀಟರ್ ದ್ರವ ಸಾರಜನಕವನ್ನು ಆವಿಯಾಗಿಸಲು ಅಷ್ಟು ಸಾಕು. ಈಗ ಎರಡು ಗೋಡೆಗಳ ನಡುವೆ, ಯಾವುದಕ್ಕೂ ತಾಗದಂತೆ, ಹೊಳೆಯುವ ಅಲ್ಯೂಮಿನಿಯಂ ಹಾಳೆಯೊಂದನ್ನು ತೂಗುಬಿಡಿ. ಆವಿಯಾಗುವುದು ದಿನಕ್ಕೆ 6 ಲೀಟರಿಗೆ ಇಳಿಯುತ್ತದೆ. ಆ ಹಾಳೆಯನ್ನು ಯಾರೂ ತಣ್ಣಗಿಟ್ಟಿಲ್ಲ, ಅದು ದಪ್ಪವೂ ಇಲ್ಲ. ಅದರ ಬಲವೆಲ್ಲ ಎರಡು ಮೈಗಳಲ್ಲಿದೆ.

ಈ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಹತ್ತೊಂಬತ್ತನೇ ಶತಮಾನದಲ್ಲೇ ಸಿದ್ಧವಾಗಿತ್ತು. ವಸ್ತುವೊಂದು ಸೂಸುವ ಒಟ್ಟು ವಿಕಿರಣ ಅದರ ತಾಪಮಾನದ ನಾಲ್ಕನೇ ಘಾತಕ್ಕೆ ಅನುಗುಣವಾಗಿದೆ ಎಂದು ಯೋಸೆಫ್ ಸ್ಟೆಫಾನ್ 1879ರಲ್ಲಿ ಪ್ರಯೋಗಗಳ ಅಂಕಿಗಳಿಂದ ಕಂಡುಕೊಂಡ. 1884ರಲ್ಲಿ ಬೋಲ್ಟ್ಸ್‌ಮನ್ ಅದಕ್ಕೆ ಸಿದ್ಧಾಂತದ ಆಧಾರ ಕೊಟ್ಟ. ಆದರೆ ಎದುರುಬದುರಾದ ಎರಡು ಮೈಗಳ ನಡುವಿನ ವ್ಯವಹಾರ ಅಷ್ಟು ಸರಳವಲ್ಲ. ಒಂದು ಮೈ ಸೂಸಿದ್ದನ್ನು ಇನ್ನೊಂದು ಸ್ವಲ್ಪ ಹೀರಿ ಮಿಕ್ಕಿದ್ದನ್ನು ಹಿಂದಕ್ಕೆ ಎಸೆಯುತ್ತದೆ, ಹಾಗೆ ಮರಳಿದ್ದರಲ್ಲಿ ಮೊದಲನೆಯದು ಮತ್ತೆ ಸ್ವಲ್ಪ ಹೀರುತ್ತದೆ, ಉಳಿದದ್ದು ಮತ್ತೆ ಆಚೆಗೆ. ಕೊನೆಯಿಲ್ಲದ ಈ ಎಸೆದಾಟವನ್ನೆಲ್ಲ ಕೂಡಿಸಿದಾಗ ಸಿಗುವ ನಿವ್ವಳ ಮೊತ್ತವೇ ಇವತ್ತು ಡೆನ್ಮಾರ್ಕಿನ ಕ್ರಿಶ್ಚಿಯನ್‌ಸೆನ್ ಹೆಸರಿನಲ್ಲಿರುವ ಸೂತ್ರ. ಸಮಾನಾಂತರ ಫಲಕಗಳಿಗೆ ಅದರ ರೂಪ ಹೀಗಿದೆ:

q = σ(T₁⁴ − T₂⁴) / (1/ε₁ + 1/ε₂ − 1)

ಇಲ್ಲಿ ε ಎಂದರೆ ಎಮಿಸಿವಿಟಿ, ಮೈಯೊಂದು ಆದರ್ಶ ಕಪ್ಪು ಮೈಗೆ ಹೋಲಿಸಿದರೆ ಎಷ್ಟು ಪಾಲು ಸೂಸುತ್ತದೆ ಎಂಬ ಸಂಖ್ಯೆ. ಬಣ್ಣ ಬಳಿದ ಗೋಡೆಗೆ 0.8, ಹೊಳೆಯುವ ಅಲ್ಯೂಮಿನಿಯಂಗೆ 0.05 ಎಂದು ಹಿಡಿಯೋಣ. ನಮ್ಮ ಎರಡು ಗೋಡೆಗಳಿಗೆ ಛೇದ 1.5 ಆಗುತ್ತದೆ. ನಡುವೆ ಬಂದ ಪ್ರತಿ ಹಾಳೆಯೂ ಛೇದಕ್ಕೆ 2/ε − 1ರಷ್ಟು ಸೇರಿಸುತ್ತದೆ. ಅಲ್ಯೂಮಿನಿಯಂ ಹಾಳೆಯಾದರೆ ಅದು 39. ಛೇದ 1.5ರಿಂದ 40.5ಕ್ಕೆ ಏರಿತು, ಶಾಖ 27ರಲ್ಲಿ ಒಂದು ಪಾಲಿಗೆ ಇಳಿಯಿತು. ಹಾಳೆಗೂ ಗೋಡೆಯದೇ ಬಣ್ಣ ಬಳಿದಿದ್ದರೆ ಶಾಖ ಬರೀ ಅರ್ಧಕ್ಕೆ ಇಳಿಯುತ್ತಿತ್ತು. ನಮ್ಮ ಪಠ್ಯಪುಸ್ತಕಗಳು ‘N ಹಾಳೆ ಇಟ್ಟರೆ ಶಾಖ N+1ರಲ್ಲಿ ಒಂದು ಭಾಗ’ ಎಂಬ ವಿಶೇಷ ಪ್ರಕರಣವನ್ನು ಪೆಟ್ಟಿಗೆ ಕಟ್ಟಿ ಮುದ್ರಿಸುತ್ತವೆ. ಎಲ್ಲ ಮೈಗಳ ಎಮಿಸಿವಿಟಿ ಒಂದೇ ಆಗಿದ್ದಾಗ ಮಾತ್ರ ಅದು ನಿಜ. ಬಣ್ಣ ಬಳಿದ ಗೋಡೆಗಳ ನಡುವೆ ಹಾಗೆ ಸಮನಾಗಿರುವ ಹಾಳೆಯನ್ನು ಇಡುವ ಎಂಜಿನಿಯರ್ ಅಪರೂಪ.

ಹಾಳೆಯ ಒಂದು ಮೈ ಹೊಳೆಯುವಂತಿದ್ದು ಇನ್ನೊಂದಕ್ಕೆ ಬಣ್ಣ ಬಳಿದಿದ್ದರೆ? ಹೊಳೆಯುವ ಮೈ ಬಿಸಿ ಗೋಡೆಯ ಕಡೆಗಿರಲಿ, ತಣ್ಣನೆಯ ಗೋಡೆಯ ಕಡೆಗಿರಲಿ, ದಾಟುವ ಶಾಖ ಒಂದೇ: ಚದರ ಮೀಟರಿಗೆ 21 ವ್ಯಾಟ್. ಬದಲಾಗುವುದು ಹಾಳೆಯ ತಾಪಮಾನ. ಹೊಳಪು ಬಿಸಿಯ ಕಡೆಗಿದ್ದರೆ ಹಾಳೆ 156 ಕೆಲ್ವಿನ್‌ಗೆ ಇಳಿದು ನಿಲ್ಲುತ್ತದೆ. ತಿರುಗಿಸಿಟ್ಟರೆ 295ಕ್ಕೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಬಿಸಿ ಗೋಡೆಯಷ್ಟೇ. ಪರೀಕ್ಷೆಯಲ್ಲಿ ಶಾಖವನ್ನಷ್ಟೇ ಕೇಳುವುದರಿಂದ ಈ ಮಾತು ಎಷ್ಟೋ ಜನರ ಗಮನಕ್ಕೆ ಬರುವುದೇ ಇಲ್ಲ. ಹಾಳೆ ತೆಳು ಪ್ಲಾಸ್ಟಿಕ್‌ನದಾಗಿದ್ದರೆ, ಇಲ್ಲವೇ ಅದಕ್ಕೆ ತಂತಿಯೊಂದು ತಾಗಿಕೊಂಡಿದ್ದರೆ, ಈ 139 ಕೆಲ್ವಿನ್ ವ್ಯತ್ಯಾಸ ದೊಡ್ಡ ವಿಷಯವೇ.

ಸೂತ್ರ ಒಂದು ಕಡೆ ಬೆಳೆಯುತ್ತಿದ್ದಾಗ ಕೈಕೆಲಸ ಇನ್ನೊಂದು ಕಡೆ ನಡೆದಿತ್ತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಡ್ಯೂವರ್ 1892ರಲ್ಲಿ ಎರಡು ಗೋಡೆಯ ಗಾಜಿನ ಪಾತ್ರೆ ಮಾಡಿಸಿ ನಡುವಿನ ಗಾಳಿ ತೆಗೆದ. ಅಷ್ಟರಿಂದಲೇ ದ್ರವ ವಾಯು ಬಹಳ ಹೊತ್ತು ಉಳಿಯಿತು, ಆದರೆ ಗಾಜಿನ ಎಮಿಸಿವಿಟಿ ಹೆಚ್ಚು. ಒಳಮೈಗಳಿಗೆ ಬೆಳ್ಳಿ ಲೇಪಿಸಿದ ಮೇಲೆ ಸೋರಿಕೆ ಹಲವು ಪಟ್ಟು ತಗ್ಗಿತು. ಮನೆಯ ಚಹಾ ಫ್ಲಾಸ್ಕ್ ಅದರ ಸಂತತಿಯೇ. ಆ ಪಾತ್ರೆಯಲ್ಲಿ ಹೊಳೆದದ್ದು ಗೋಡೆಗಳೇ, ನಡುವೆ ಹಾಳೆ ಇರಲಿಲ್ಲ.

1908ರ ಜುಲೈ 10ರಂದು ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಹೀಲಿಯಂ ಅನ್ನು ದ್ರವವಾಗಿಸಿದಾಗ ಬೇರೊಂದು ಬಗೆಯ ತಡೆ ಕೆಲಸಕ್ಕೆ ಬಂದಿತ್ತು. ಹೀಲಿಯಂ ಪಾತ್ರೆಯ ಸುತ್ತ ದ್ರವ ಹೈಡ್ರೋಜನ್, ಅದರ ಸುತ್ತ ದ್ರವ ವಾಯು. ಈ ತಡೆ ತೇಲುವ ಹಾಳೆಯ ಹಾಗಲ್ಲ. ತನಗೆ ಬಂದ ಶಾಖವನ್ನು ಒಳಕ್ಕೆ ಬಿಡದೆ ತಾನೇ ಕುದಿದು ಹೊರಗೆ ಸಾಗಿಸುತ್ತದೆ. ನಾಲ್ಕನೇ ಘಾತದ ಪೂರ್ತಿ ಲಾಭ ಸಿಗುವುದು ಇಲ್ಲಿ. 300 ಕೆಲ್ವಿನ್‌ನ ಕಪ್ಪು ಮೈ ಚದರ ಮೀಟರಿಗೆ 459 ವ್ಯಾಟ್ ಸೂಸಿದರೆ 77 ಕೆಲ್ವಿನ್‌ನದು ಸೂಸುವುದು ಬರೀ 2 ವ್ಯಾಟ್. ಹೀಲಿಯಂ ಪಾತ್ರೆಗೆ ಕಾಣುವ ಗೋಡೆಯನ್ನು 77ಕ್ಕೆ ಇಳಿಸಿಬಿಟ್ಟರೆ 230 ಪಟ್ಟು ಉಳಿತಾಯ. ತೇಲುವ ಹಾಳೆ ಮತ್ತು ತಣ್ಣಗಿಟ್ಟ ತಡೆ, ಈ ಎರಡನ್ನೂ ಕೂಡಿಸಿದ್ದೇ ಮುಂದಿನ ಕ್ರಯೋಜೆನಿಕ್ ಪಾತ್ರೆಗಳ ಕಥೆ.

ಹಾಳೆಗಳ ಸಂಖ್ಯೆ ಏರಿದ್ದು ಎರಡನೇ ಮಹಾಯುದ್ಧದ ನಂತರ. ಸ್ವೀಡನ್ನಿನ ಲುಂಡ್‌ನಲ್ಲಿ ಪೀಟರ್ಸನ್ 1951ರಲ್ಲಿ ಅಲ್ಯೂಮಿನಿಯಂ ಹಾಳೆ ಮತ್ತು ಗಾಜಿನ ನಾರನ್ನು ಒಂದರ ಮೇಲೊಂದು ಸುತ್ತಿದ ನಿರ್ವಾತ ಪಾತ್ರೆಯನ್ನು ವಿವರಿಸಿದ. ಬಹುಪದರ ಹೊದಿಕೆಯ ಮೊದಲ ಸ್ಪಷ್ಟ ರೂಪ ಅದು. 1956ರಲ್ಲಿ ಓಪನ್‌ಹೈಮ್ ವಿಕಿರಣ ವಿನಿಮಯವನ್ನು ವಿದ್ಯುತ್ ಮಂಡಲದ ರೋಧಗಳಂತೆ ಬರೆಯುವ ವಿಧಾನ ಕೊಟ್ಟ. ಹಾಳೆಗಳನ್ನು ಸರಣಿಯಲ್ಲಿ ಕೂಡಿಸುತ್ತ ಹೋಗುವ ಈಗಿನ ರೂಢಿಗೆ ಅದು ಅನುಕೂಲವಾಯಿತು. ಬಾಹ್ಯಾಕಾಶ ಯುಗದಲ್ಲಿ ಪೂರ್ತಿ ಲೋಹದ ಹಾಳೆಯ ಜಾಗಕ್ಕೆ ಕೆಲವೇ ಮೈಕ್ರಾನ್ ದಪ್ಪದ ಮೈಲಾರ್ ಬಂತು, ಎರಡೂ ಮೈಗೆ ಅತಿ ತೆಳು ಅಲ್ಯೂಮಿನಿಯಂ ಲೇಪದೊಂದಿಗೆ. ತೂಕ ಉಳಿಯಿತು, ಹಾಳೆಯ ಉದ್ದಕ್ಕೆ ಶಾಖ ಹರಿಯುವುದೂ ತಗ್ಗಿತು. ಬೆಂಗಳೂರಿನಲ್ಲಿ ಸಿದ್ಧವಾಗುವ ಉಪಗ್ರಹಗಳ ಚಿತ್ರಗಳಲ್ಲಿ ಕಾಣುವ ಬಂಗಾರದ ಬಣ್ಣದ ಹೊದಿಕೆ ಇದೇ ವಂಶದ್ದು. ಅದು ಬಂಗಾರವಲ್ಲ, ಕಂದುಹಳದಿ ಕ್ಯಾಪ್ಟಾನ್ ಪದರದ ಹಿಂದಿನಿಂದ ಅಲ್ಯೂಮಿನಿಯಂ ಹೊಳೆಯುತ್ತದೆ.

ಸೂತ್ರವೂ ಅಳತೆಯೂ ಬೇರೆಯಾದದ್ದು ಇಲ್ಲಿಂದಲೇ. ನಮ್ಮ ಗೋಡೆಗಳ ನಡುವೆ 30 ಹಾಳೆ ಇಟ್ಟರೆ ಸೂತ್ರದ ಪ್ರಕಾರ ಶಾಖ 0.4 ವ್ಯಾಟಿಗೆ ಇಳಿಯಬೇಕು. ಚೆನ್ನಾಗಿ ಹೊದಿಸಿದ ನಿಜವಾದ ಪಾತ್ರೆಯಲ್ಲಿ ಸಿಗುವುದು 1 ವ್ಯಾಟಿನ ಆಸುಪಾಸು. ಕಾರಣವನ್ನು ಬಹಳ ದೂರ ಹುಡುಕಬೇಕಿಲ್ಲ. 30 ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ತೂಗುಬಿಡಲು ಆಗದು, ನಡುವೆ ಬಲೆಬಟ್ಟೆ ಹಾಸಬೇಕು. ಬಲೆಯ ಎಳೆ ಮುಟ್ಟಿದ ಕಡೆಯಲ್ಲೆಲ್ಲ ವಹನ ಶುರು. ಲಾಕ್‌ಹೀಡ್ ಕಂಪನಿಯ ಸಂಶೋಧಕರು 1974ರಲ್ಲಿ ನಾಸಾಗೆ ಒಪ್ಪಿಸಿದ ವರದಿಯಲ್ಲಿ ಇದಕ್ಕೊಂದು ಪ್ರಾಯೋಗಿಕ ಸಮೀಕರಣವಿದೆ, ಈಗಲೂ ವಿನ್ಯಾಸಕರು ಬಳಸುವುದು ಅದನ್ನೇ. ಅದರಲ್ಲಿ ವಿಕಿರಣದ ಭಾಗಕ್ಕೆ ಘಾತ 4 ಅಲ್ಲ, 4.67; ಲೋಹದ ಎಮಿಸಿವಿಟಿಯೇ ತಾಪಮಾನದ ಜೊತೆ ಏರುವುದನ್ನು ಅದು ಒಳಗೊಂಡಿದೆ. ವಹನದ ಭಾಗ ಪದರಗಳ ಸಾಂದ್ರತೆಯ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಹಾಳೆ ಎಂಬುದರ, 2.56ನೇ ಘಾತಕ್ಕೆ ಅನುಗುಣ. ಅಷ್ಟೇ ಹಾಳೆಗಳನ್ನು ಅರ್ಧ ದಪ್ಪಕ್ಕೆ ಒತ್ತಿಬಿಟ್ಟರೆ ವಹನ ಸುಮಾರು 6 ಪಟ್ಟಾಗುತ್ತದೆ. ಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟುವ ಅಚ್ಚುಕಟ್ಟುತನ ಇಲ್ಲಿ ಶತ್ರು. ಸಡಿಲವಾಗಿ, ಸುಕ್ಕುಸುಕ್ಕಾಗಿ ಇರುವುದೇ ಒಳ್ಳೆಯದು.

ಜೋಡಣೆಯ ಗೆರೆಯಲ್ಲಿ ಇನ್ನೊಂದು ಅಪಾಯವಿದೆ. ಹೊದಿಕೆಯ ಎರಡು ಅಂಚುಗಳು ಕೂಡುವಲ್ಲಿ ಹೊರಗಿನ ಪದರ ಹೊರಗಿನದಕ್ಕೆ, ಒಳಗಿನದು ಒಳಗಿನದಕ್ಕೆ ಸೇರಬೇಕು. ಬಿಸಿಯಾದ ಹೊರ ಹಾಳೆಯ ತುದಿ ಮಡಚಿಕೊಂಡು ತಣ್ಣನೆಯ ಒಳ ಹಾಳೆಗೆ ತಾಗಿದರೆ ನಡುವಿನ ಪದರಗಳೆಲ್ಲ ಇದ್ದೂ ಇಲ್ಲದಂತೆ. ನಿರ್ವಾತ ಕೆಟ್ಟರೂ ಸೋರಿಕೆ ಏರುತ್ತದೆ, ಹಾಗಾಗಿ ಯಾವುದು ಕಾರಣ ಎಂದು ಬಿಡಿಸಬೇಕಾಗುತ್ತದೆ. ಪಾತ್ರೆಯಿಂದ ದಿನಕ್ಕೆ ಎಷ್ಟು ದ್ರವ ಆವಿಯಾಗುತ್ತಿದೆ ಎಂದು ಅಳೆಯುತ್ತಾರೆ; ಸಾರಜನಕಕ್ಕೆ ಪ್ರತಿ ವ್ಯಾಟಿಗೆ ದಿನಕ್ಕೆ ಅರ್ಧ ಲೀಟರಿನ ಲೆಕ್ಕ. ಮತ್ತೆ ಪಂಪು ಹಚ್ಚಿದಾಗ ಆವಿಯ ಪ್ರಮಾಣ ತಗ್ಗಿದರೆ ದೋಷ ಅನಿಲದ್ದು. ಒತ್ತಡ ಇಳಿದರೂ ಆವಿ ಹಾಗೇ ಇದ್ದರೆ ದೋಷ ಹಾಳೆಗಳಲ್ಲೋ ಜೋಡಣೆಯಲ್ಲೋ ಇದೆ.

ಹಾಳೆಗಳನ್ನು ಹತ್ತಿರ ತರುವುದಕ್ಕೆ ಮತ್ತೊಂದು ಮಿತಿಯೂ ಇದೆ, ಅದು ವಹನಕ್ಕೆ ಸಂಬಂಧಿಸಿದ್ದಲ್ಲ. ಕ್ರಿಶ್ಚಿಯನ್‌ಸೆನ್ ಸೂತ್ರದಲ್ಲಿ ಫಲಕಗಳ ನಡುವಿನ ಅಂತರ ಬರುವುದೇ ಇಲ್ಲ. ಆದರೆ ಅಂತರ ವಿಕಿರಣದ ತರಂಗಾಂತರಕ್ಕಿಂತ ಕಿರಿದಾದರೆ ಮೈಗೆ ಅಂಟಿಕೊಂಡಿರುವ ಕ್ಷೇತ್ರಗಳು ಆಚೆಗೆ ನುಸುಳಿ ಶಾಖ ಹೆಚ್ಚು ದಾಟುತ್ತದೆ. ಕ್ರವಾಲ್ಯೊ, ಟಿಯೆನ್, ಕೇರನ್ 1967ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು, 1971ರಲ್ಲಿ ಪೋಲ್ಡರ್ ಮತ್ತು ವಾನ್ ಹೋವ್ ಪೂರ್ಣ ಸಿದ್ಧಾಂತ ಬರೆದರು. ಕೋಣೆಯ ತಾಪಮಾನದಲ್ಲಿ ಪ್ರಮುಖ ತರಂಗಾಂತರ 10 ಮೈಕ್ರಾನ್, ಅಷ್ಟು ಹತ್ತಿರ ಹಾಳೆಗಳು ಬರುವುದಿಲ್ಲ. 4 ಕೆಲ್ವಿನ್‌ನಲ್ಲಾದರೋ ಅದು 0.7 ಮಿಲಿಮೀಟರ್. ಸೆಂಟಿಮೀಟರಿಗೆ 25 ಹಾಳೆ ಒತ್ತಿದ ಹೊದಿಕೆಯಲ್ಲಿ ಅಂತರವೇ 0.4 ಮಿಲಿಮೀಟರ್! ಅತಿ ಶೀತದ ತುದಿಯಲ್ಲಿ ಪದರದ ಮೇಲೆ ಪದರ ಹೇರುವುದರಿಂದ ಹೆಚ್ಚು ಫಲವಿಲ್ಲ. ಸರ್ನ್‌ನ ಎಲ್‌ಎಚ್‌ಸಿಯಲ್ಲಿ 1.9 ಕೆಲ್ವಿನ್‌ನ ಅಯಸ್ಕಾಂತಗಳಿಗೆ 10 ಪದರವಷ್ಟೇ ಹೊದಿಸಿದ್ದಾರೆ. ಅದರಾಚೆಗೆ 50ರಿಂದ 75 ಕೆಲ್ವಿನ್‌ನಲ್ಲಿಟ್ಟ ತಣ್ಣನೆಯ ಅಲ್ಯೂಮಿನಿಯಂ ತಡೆ, ಅದರ ಮೇಲೆ 30 ಪದರ. ಲೈಡನ್‌ನ ಉಪಾಯವೂ ಲುಂಡ್‌ನ ಉಪಾಯವೂ ಅಲ್ಲಿ ಒಂದೇ ಕೊಳವೆಯೊಳಗಿವೆ.

ಇತ್ತೀಚಿನ ದೊಡ್ಡ ಹೆಜ್ಜೆ ಸಮಾನಾಂತರವನ್ನೇ ಬಿಟ್ಟುಕೊಟ್ಟದ್ದು. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಬಿಸಿಲುಮರೆಯಲ್ಲಿ ಐದೇ ಕ್ಯಾಪ್ಟಾನ್ ಪದರಗಳಿವೆ. ಸೂರ್ಯನ ಕಡೆಯ ಪದರ 383 ಕೆಲ್ವಿನ್‌ವರೆಗೆ ಕಾಯುತ್ತದೆ. ಐದನ್ನೂ ಸಮಾನಾಂತರವಾಗಿ, 0.05 ಎಮಿಸಿವಿಟಿಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು? ನಾಲ್ಕು ಅಂತರಕ್ಕೆ ತಲಾ 39, ಕೊನೆಯ ಮೈಯಿಂದ ಬಾಹ್ಯಾಕಾಶಕ್ಕೆ 20, ಒಟ್ಟು 176. ಕೊನೆಯ ಪದರ 222 ಕೆಲ್ವಿನ್‌ನಲ್ಲಿ ನಿಲ್ಲುತ್ತಿತ್ತು. ಅವಗೆಂಪು ದೂರದರ್ಶಕಕ್ಕೆ ಅದು ಕುಲುಮೆಯೇ ಸರಿ. ಅದಕ್ಕಾಗಿ ನಡುವಿನ ಅಂತರ ಅಂಚಿನ ಕಡೆಗೆ ಅಗಲವಾಗುವಂತೆ ಪದರಗಳನ್ನು ಓರೆಯಾಗಿ ಹರಡಿದ್ದಾರೆ. ಎರಡು ಹಾಳೆಗಳ ನಡುವೆ ಪುಟಿಯುವ ವಿಕಿರಣ ಪ್ರತಿ ಪುಟಿತಕ್ಕೂ ಇಷ್ಟಿಷ್ಟೇ ಹೊರಮುಖವಾಗಿ ತಿರುಗಿ ಕೊನೆಗೆ ಪಕ್ಕದಿಂದ ಹೊರಬೀಳುತ್ತದೆ. ಮುಂದಿನ ಪದರಕ್ಕೆ ಸೂತ್ರ ಹೇಳುವಷ್ಟು ಶಾಖ ತಲುಪುವುದೇ ಇಲ್ಲ. ಐದನೆಯ ಪದರದ ಅತಿ ತಂಪಾದ ಭಾಗ 36 ಕೆಲ್ವಿನ್‌ವರೆಗೆ ಇಳಿಯುತ್ತದೆ. ಅಲ್ಲಿಂದಾಚೆಗೆ ಹಾಳೆಗಳ ಕೈ ಸಾಗದು; 7 ಕೆಲ್ವಿನ್‌ಗಿಂತ ಕೆಳಗಿರಬೇಕಾದ ಮಿರಿ ಉಪಕರಣಕ್ಕೆ ಹೀಲಿಯಂ ಶೈತ್ಯಯಂತ್ರವನ್ನು ಬೇರೆಯಾಗಿಯೇ ಕಟ್ಟಬೇಕಾಯಿತು.