ಉಪಮೆ, ರೂಪಕ, ಮೆಟಾನಮಿ

ಒಂದರ ಬಗ್ಗೆ ಮಾತಾಡಲು ಇನ್ನೊಂದರ ಹೆಸರನ್ನು ನೆರವಿಗೆ ಕರೆಯುವ ಮೂರು ಬಗೆಗಳಿವು. ಉಪಮೆ ಎರಡರ ನಡುವಿನ ಹೋಲಿಕೆಯನ್ನು ಬಾಯಿಬಿಟ್ಟು ಹೇಳುತ್ತದೆ. ರೂಪಕ ಆ ಹೋಲಿಕೆಯ ಬಲದಿಂದಲೇ ಇದು ಅದೇ ಎಂದುಬಿಡುತ್ತದೆ. ಮೆಟಾನಮಿಯಲ್ಲಿ ಹೋಲಿಕೆಯ ಮಾತೇ ಇಲ್ಲ. ಒಂದಕ್ಕೊಂದು ಹತ್ತಿರವಿರುವುದರಿಂದ, ಸಂಬಂಧಪಟ್ಟಿರುವುದರಿಂದ ಒಂದರ ಹೆಸರು ಇನ್ನೊಂದಕ್ಕೆ ಸಲ್ಲುತ್ತದೆ. ಮೊದಲ ಎರಡನ್ನು ಶಾಲೆಯ ವ್ಯಾಕರಣವೇ ಕಲಿಸುತ್ತದೆ. ಮೂರನೆಯದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿ ಬಳಸುವ ಹೆಸರು ನಿಂತಿಲ್ಲ. ಗೊಂದಲವೂ ಅಲ್ಲೇ ಹೆಚ್ಚು.

“ನಮ್ಮ ಮೇಷ್ಟ್ರು ಹುಲಿಯ ಹಾಗೆ ಭಯ ಹುಟ್ಟಿಸುತ್ತಾರೆ” ಎಂಬುದು ಉಪಮೆ. ಇದರಲ್ಲಿ ಮೇಷ್ಟ್ರು ಉಪಮೇಯ, ಹುಲಿ ಉಪಮಾನ, ಭಯ ಹುಟ್ಟಿಸುವುದು ಸಮಾನಧರ್ಮ, ‘ಹಾಗೆ’ ಎಂಬುದು ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಬಿಟ್ಟುಹೋದರೆ ಲುಪ್ತೋಪಮೆ. ‘ಹಾಗೆ’, ‘ಅಂತೆ’, ‘ಥರ’ ಕಂಡಲ್ಲೆಲ್ಲ ಉಪಮೆ ಎನ್ನುವಂತಿಲ್ಲ. “ತಮ್ಮನೂ ಅಣ್ಣನ ಹಾಗೆ ಎತ್ತರ” ಎಂಬುದು ಬರೀ ಅಳತೆಯ ಮಾತು. ಇಬ್ಬರೂ ಮನುಷ್ಯರೇ, ಎತ್ತರವೂ ಒಂದೇ ಬಗೆಯದು. “ನಾಳೆ ರಜೆಯಂತೆ” ಎಂಬಲ್ಲಿನ ‘ಅಂತೆ’ ಕೇಳಿದ ಸುದ್ದಿಯನ್ನು ತಿಳಿಸುತ್ತದೆ, ಹೋಲಿಕೆಯನ್ನಲ್ಲ. ಬೇರೆ ಬೇರೆ ಜಾತಿಯ ಎರಡು ವಸ್ತುಗಳು ಒಂದು ಗುಣದಲ್ಲಿ ಕೂಡಿದಾಗ ಮಾತ್ರ ಉಪಮೆ ಹುಟ್ಟುತ್ತದೆ.

“ನಮ್ಮ ಮೇಷ್ಟ್ರು ಹುಲಿ” ಎಂದರೆ ರೂಪಕ. ಭೇದವನ್ನು ಮರೆಮಾಡಿದ ಉಪಮೆಯೇ ರೂಪಕ ಎಂಬುದು ಕಾವ್ಯಾದರ್ಶದಲ್ಲಿ ದಂಡಿಯ ನಿಲುವು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಬಹುಮಟ್ಟಿಗೆ ನಡೆಯುವುದು ದಂಡಿಯ ದಾರಿಯಲ್ಲೇ. ಗ್ರೀಸಿನ ಅರಿಸ್ಟಾಟಲ್ ಕೂಡ ಎರಡರ ಅಂತರ ಸಣ್ಣದೆಂದೇ ಬಗೆದಿದ್ದ. ಆದರೂ ‘ಹಾಗೆ’ಯನ್ನು ತೆಗೆದರೆ ಉಪಮೆ ರೂಪಕವಾಗುತ್ತದೆ ಎಂಬ ಪಾಠ ಅರ್ಧ ಮಾತ್ರ ನಿಜ. ಪೂರ್ಣೋಪಮೆ ಯಾವ ಗುಣದಲ್ಲಿ ಹೋಲಿಕೆ ಎಂದು ಕಟ್ಟುಹಾಕುತ್ತದೆ. “ಮೇಷ್ಟ್ರು ಹುಲಿ” ಎಂದಾಗ ಭಯವೋ, ಧೈರ್ಯವೋ, ಪಾಠದಲ್ಲಿನ ಹಿಡಿತವೋ ಎಂಬುದನ್ನು ಕೇಳುವವರೇ ಸಂದರ್ಭದಿಂದ ತಿಳಿಯಬೇಕು. ಇಷ್ಟಲ್ಲದೆ, ರೂಪಕ ಯಾವಾಗಲೂ ‘ಇದು ಅದು’ ಎಂಬ ಅಚ್ಚಿನಲ್ಲೇ ಬರುವುದಿಲ್ಲ. “ಅವನ ಮಾತು ಚುಚ್ಚಿತು”, “ಬೆಲೆ ಏರಿತು” ಎಂಬಲ್ಲಿ ಅದು ಕ್ರಿಯಾಪದದೊಳಗೆ ಕೂತಿದೆ. ದಿನದ ಮಾತಿನಲ್ಲಿ ಇಂಥವೇ ಹೆಚ್ಚು, ಅಲಂಕಾರ ಗುರುತಿಸುವ ಅಭ್ಯಾಸಗಳಲ್ಲಿ ಬಿಟ್ಟುಹೋಗುವುದೂ ಇವೇ.

ಇನ್ನು ಮೆಟಾನಮಿ. ರಸ್ತೆಯಲ್ಲಿ “ಆಟೋ, ಬರ್ತೀಯಾ?” ಎಂದು ಕೂಗುತ್ತೇವೆ, ಉತ್ತರ ಕೊಡುವವನು ಚಾಲಕ. ಹೋಟೆಲಿನಲ್ಲಿ “ಮೂರನೇ ಟೇಬಲ್ ಬಿಲ್ ಕೇಳ್ತಿದೆ” ಎಂದರೆ ಕೇಳಿದವರು ಅಲ್ಲಿ ಕೂತ ಗಿರಾಕಿಗಳು. “ವಿಧಾನಸೌಧ ಇನ್ನೂ ಒಪ್ಪಿಲ್ಲ” ಎಂಬಲ್ಲಿ ಕಟ್ಟಡ ಸರ್ಕಾರಕ್ಕೆ ನಿಂತಿದೆ. “ರಜೆಯಲ್ಲಿ ಕುವೆಂಪು ಓದಿದೆ” ಎಂಬಲ್ಲಿ ಲೇಖಕರು ಅವರ ಪುಸ್ತಕಗಳಿಗೆ. “ಎರಡು ತಟ್ಟೆ ತಿಂದ” ಎಂಬಲ್ಲಿ ತಟ್ಟೆ ಅದರಲ್ಲಿದ್ದ ತಿಂಡಿಗೆ. ಚಾಲಕ ಆಟೋವನ್ನು ಹೋಲುವುದಿಲ್ಲ, ತಿಂಡಿ ತಟ್ಟೆಯನ್ನು ಹೋಲುವುದಿಲ್ಲ. ಇರುವುದು ನಡೆಸುವವನು ಮತ್ತು ವಾಹನ, ಸ್ಥಳ ಮತ್ತು ಅಲ್ಲಿನವರು, ಕರ್ತೃ ಮತ್ತು ಕೃತಿ, ಪಾತ್ರೆ ಮತ್ತು ಒಳಗಿನದು ಎಂಬಂಥ ಸಂಬಂಧ.

ರೂಪಕದಿಂದ ಇದನ್ನು ಬೇರ್ಪಡಿಸಲು ಒಂದು ಸುಲಭದ ಪರೀಕ್ಷೆಯಿದೆ. ವಾಕ್ಯಕ್ಕೆ ‘ಹಾಗೆ’ ಸೇರಿಸಿ ನೋಡಬೇಕು. “ಮೇಷ್ಟ್ರು ಹುಲಿಯ ಹಾಗೆ” ಎಂದರೆ ಅರ್ಥ ನಿಲ್ಲುತ್ತದೆ. “ಗಿರಾಕಿಗಳು ಮೂರನೇ ಟೇಬಲ್ಲಿನ ಹಾಗೆ” ಎಂದರೆ ಅರ್ಥವೇ ಹಾಳು. ಅಲ್ಲಿ ಸೇರಿಸಬೇಕಾದದ್ದು ‘ಅಲ್ಲಿ ಕೂತವರು’, ‘ಅದನ್ನು ನಡೆಸುವವನು’ ಎಂಬಂಥ ಪದ.

ಈ ಪರೀಕ್ಷೆಯಿಲ್ಲದೆ ಮೋಸಹೋಗುವಂಥ ವಾಕ್ಯಗಳೂ ಇವೆ. ಮೇಷ್ಟ್ರು ಬರುವುದನ್ನು ಕಂಡು ಹುಡುಗರು “ಹುಲಿ ಬಂತು, ಪುಸ್ತಕ ತೆಗೀರೋ” ಎನ್ನುತ್ತಾರೆ. ಪೊಲೀಸರನ್ನು ಕಂಡು ರಸ್ತೆಬದಿಯ ವ್ಯಾಪಾರಿ “ಖಾಕಿ ಬಂತು, ಗಾಡಿ ತೆಗಿ” ಎನ್ನುತ್ತಾನೆ. ಎರಡರ ರಚನೆಯೂ ಒಂದೇ. ಎರಡರಲ್ಲೂ ನಿಜವಾಗಿ ಬಂದವರ ಹೆಸರಿಲ್ಲ, ಎರಡರಲ್ಲೂ ಮನುಷ್ಯರು ಬಂದಿದ್ದರೂ ಕ್ರಿಯಾಪದ ನಪುಂಸಕಲಿಂಗದಲ್ಲಿದೆ. ಆದರೆ ಮೇಷ್ಟ್ರು ಹುಲಿಯನ್ನು ಹೋಲುತ್ತಾರೆ. ಪೊಲೀಸರು ಖಾಕಿಯನ್ನು ಹೋಲುವುದಿಲ್ಲ, ತೊಡುತ್ತಾರೆ. ಮೊದಲನೆಯದು ಉಪಮೇಯವನ್ನು ನುಂಗಿದ ರೂಪಕ, ಎರಡನೆಯದು ಮೆಟಾನಮಿ. ಮೊದಲನೆಯದನ್ನು ಆಲಂಕಾರಿಕರು ಅತಿಶಯೋಕ್ತಿಯ ಒಂದು ಬಗೆಯಾಗಿ ಎಣಿಸುತ್ತಾರೆ.

ರೂಪಕಕ್ಕೂ ಮೆಟಾನಮಿಗೂ ನಡುವಿನ ಈ ಗೆರೆಯನ್ನು ಭಾರತೀಯ ಕಾವ್ಯಮೀಮಾಂಸೆ ಬಹಳ ಹಿಂದೆಯೇ ಎಳೆದಿತ್ತು, ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಲಕ್ಷಣೆಗೆ ಮೂರು ಷರತ್ತು ಹೇಳಿದ: ನೇರ ಅರ್ಥ ಹೊಂದದಿರಬೇಕು, ಹೊಸ ಅರ್ಥಕ್ಕೆ ಅದರೊಡನೆ ಸಂಬಂಧವಿರಬೇಕು, ಹಾಗೆ ಹೇಳಲು ರೂಢಿಯೋ ಪ್ರಯೋಜನವೋ ಇರಬೇಕು. ಸಂಬಂಧ ಹೋಲಿಕೆಯದಾದರೆ ಅದು ಗೌಣ, ಬೇರೆ ಯಾವುದಾದರೂ ಆದರೆ ಶುದ್ಧ. ಗೌಣಕ್ಕೆ ವಾಹೀಕ ದೇಶದವನನ್ನು ಎತ್ತು ಎಂದು ಕರೆಯುವುದು ಶಾಸ್ತ್ರದ ಹಳೆಯ ಉದಾಹರಣೆ. ಶುದ್ಧಕ್ಕೆ ಗಂಗೆಯ ದಡದ ಹಟ್ಟಿಯನ್ನು ಗಂಗೆಯಲ್ಲೇ ಇದೆ ಎನ್ನುವುದು. ಈಟಿ ಹಿಡಿದವರು ನುಗ್ಗಿದಾಗ ಈಟಿಗಳು ನುಗ್ಗಿದವು ಎನ್ನುವಂಥ ಮಾತನ್ನೂ ಶುದ್ಧದಲ್ಲೇ ಸೇರಿಸಿದರು. “ಖಾಕಿ ಬಂತು” ಇದೇ ಸಾಲಿನದು. ಮೆಟಾನಮಿಗೆ ಹತ್ತಿರದ ಶಾಸ್ತ್ರೀಯ ಹೆಸರು ಶುದ್ಧಲಕ್ಷಣೆಯೇ, ಅದನ್ನು ಬಳಕೆಗೆ ತರುವುದು ಒಳ್ಳೆಯದು.

ರೂಪಕ, ಮೆಟಾನಮಿ ಎರಡೂ ಮನಸ್ಸಿನ ಬೇರೆ ಬೇರೆ ಕೆಲಸಗಳೆಂಬ ವಾದವನ್ನು ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ 1956ರಲ್ಲಿ ಮುಂದಿಟ್ಟರು. ಮಿದುಳಿಗೆ ಪೆಟ್ಟಾಗಿ ಮಾತು ಕೆಟ್ಟವರನ್ನು ಕುರಿತ ವರದಿಗಳು ಅವರ ಆಧಾರ. ಒಂದು ಬಗೆಯ ರೋಗಿಗಳು ಚಾಕು ಎನ್ನಬೇಕಾದಲ್ಲಿ ಫೋರ್ಕ್ ಎನ್ನುತ್ತಿದ್ದರು, ದೀಪ ಎನ್ನಬೇಕಾದಲ್ಲಿ ಮೇಜು. ಹೋಲಿಕೆಯ ದಾರಿ ಮುಚ್ಚಿ, ಜೊತೆಗಿರುವುದರ ದಾರಿ ಉಳಿದಿತ್ತು. ಇನ್ನೊಂದು ಬಗೆಯವರು ಸೂಕ್ಷ್ಮದರ್ಶಕವನ್ನು ದುರ್ಬೀನು ಎನ್ನುತ್ತಿದ್ದರು. ಅವರಲ್ಲಿ ಹೋಲಿಕೆಯೇ ಉಳಿದದ್ದು.

ಬೇರೆಯಾದರೂ ಇವೆರಡು ಒಂದೇ ವಾಕ್ಯದಲ್ಲಿ ಜೊತೆಯಾಗಿ ದುಡಿಯಬಲ್ಲವು. ಮತ ಎಣಿಕೆಯ ಮರುದಿನ ಕನ್ನಡ ಪತ್ರಿಕೆ “ಅರಳಿದ ಕಮಲ, ಬಾಡಿದ ತೆನೆ” ಎಂದು ತಲೆಬರಹ ಕೊಟ್ಟಿತೆನ್ನಿ. ಪಕ್ಷ ಕಮಲವನ್ನು ಹೋಲುವುದಿಲ್ಲ. ಕಮಲ ಅದರ ಚಿಹ್ನೆ. ತೆನೆಯೂ ಇನ್ನೊಂದು ಪಕ್ಷದ ಚಿಹ್ನೆಯಲ್ಲಿರುವುದು. ಆದ್ದರಿಂದ ನಾಮಪದಗಳು ಮೆಟಾನಮಿ. ಗೆಲ್ಲುವುದನ್ನು ಅರಳುವುದೆಂದೂ ಸೋಲುವುದನ್ನು ಬಾಡುವುದೆಂದೂ ಹೇಳಿರುವುದು ರೂಪಕ, ಅಲ್ಲಿ ಹೋಲಿಕೆಯಿದೆ. ಚಿಹ್ನೆಯಲ್ಲಿ ಹೂವೋ ಪೈರೋ ಇರುವುದರಿಂದಲೇ ಆ ರೂಪಕಕ್ಕೆ ಜಾಗ ಸಿಕ್ಕಿತು. “ಕೈ ಅರಳಿತು” ಎಂದು ಯಾರೂ ಬರೆಯುವುದಿಲ್ಲ. “ಕೈ ಮೇಲಾಯಿತು” ಎಂದು ಬರೆಯುತ್ತಾರೆ.

ಗೆರೆ ಮಸುಕಾಗುವುದು ಭಾವನೆಗಳ ಮಾತಿನಲ್ಲಿ. “ಸಿಟ್ಟಿನಿಂದ ಅವನ ಮುಖ ಕೆಂಪಾಯಿತು” ಎಂಬುದು ದೇಹದಲ್ಲಿ ನಿಜವಾಗಿ ಕಾಣುವ ಬದಲಾವಣೆ. “ಅವನ ಮುಖ ಕೆಂಪಾಯಿತು” ಎಂದಷ್ಟೇ ಹೇಳಿ ಸಿಟ್ಟನ್ನು ಸೂಚಿಸಿದರೆ ಪರಿಣಾಮದಿಂದ ಕಾರಣವನ್ನು ಹೇಳಿದ ಮೆಟಾನಮಿ. “ಅವನು ಕೆಂಡವಾದ” ಎಂಬುದು ರೂಪಕ, ಏಕೆಂದರೆ ಮನುಷ್ಯ ಕೆಂಡವಾಗುವುದಿಲ್ಲ. ನಡುವಿನ “ಮೈ ಉರಿಯಿತು” ಎರಡೂ ಕಡೆಗೆ ಸೇರುತ್ತದೆ: ಸಿಟ್ಟು ಬಂದಾಗ ಮೈ ಬಿಸಿಯಾಗುವುದು ನಿಜ, ಅದು ಉರಿಯುವುದು ಬೆಂಕಿಯ ಹೋಲಿಕೆ. ಇಂಥ ವಾಕ್ಯ ಕೊಟ್ಟು ಪರೀಕ್ಷೆಯಲ್ಲಿ ಒಂದೇ ಉತ್ತರ ಕೇಳುವುದು ಸರಿಯಲ್ಲ. ಕಾರಣ ಸರಿಯಾಗಿ ಕೊಟ್ಟರೆ ಎರಡು ಉತ್ತರಕ್ಕೂ ಅಂಕ ಸಲ್ಲಬೇಕು.